ರೇಖೆ ಸರಿದುದೋ, ಬಿಂದು ಸರಿದುದೋ

“ಕಾಫಿಯ ಪೂರೈಕೆ ಕಡಿಮೆಯಾಯಿತು. ಪೂರೈಕೆ ಕಡಿಮೆಯಾದುದರಿಂದ ಬೆಲೆ ಏರಿತು. ಬೆಲೆ ಏರಿದುದರಿಂದ ಬೇಡಿಕೆ ಕಡಿಮೆಯಾಯಿತು. ಬೇಡಿಕೆ ಕಡಿಮೆಯಾದುದರಿಂದ ಬೆಲೆ ಮತ್ತೆ ಇಳಿಯಿತು.” ಈ ನಾಲ್ಕು ವಾಕ್ಯಗಳನ್ನು, ಅಥವಾ ಸರಕಿನ ಹೆಸರೊಂದನ್ನು ಬದಲಿಸಿ ಇವುಗಳನ್ನೇ, ಅರ್ಥಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದುವ ಕಾರ್ಯದಲ್ಲಿ ನಾನು ಎಷ್ಟು ಬಾರಿ ಓದಿರುವೆನೋ ಲೆಕ್ಕವಿಟ್ಟಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ವಾಕ್ಯವೂ ಪಠ್ಯಪುಸ್ತಕದ ಯಾವುದಾದರೊಂದು ಪುಟದಲ್ಲಿ ದೊರೆಯತಕ್ಕದ್ದೇ. ಒಂದರ ಹಿಂದೊಂದನ್ನು ‘ಆದುದರಿಂದ’ ಎಂಬ ಕೊಂಡಿಯಿಂದ ಬಿಗಿದಿರುವುದೂ ತರ್ಕಶುದ್ಧವಾಗಿಯೇ ಕಾಣುತ್ತದೆ. ಆದರೂ ನಾಲ್ಕನ್ನೂ ಕೂಡಿಸಿದಾಗ ಬರುವ ಅರ್ಥ ತಪ್ಪು. ಆ ತಪ್ಪು ಕೊನೆಯ ವಾಕ್ಯದಲ್ಲಿ ಬಯಲಾಗುತ್ತದೆಯಾದರೂ ಹುಟ್ಟುವುದು ಅಲ್ಲಲ್ಲ, ಮೂರನೆಯದರಲ್ಲಿ. ಆ ಮೂರನೆಯ ವಾಕ್ಯವನ್ನು ಅವಸರದ ಕಣ್ಣಿಗೆ ಬಿದ್ದ ಮಾತ್ರಕ್ಕೆ ಸರಿಯೆಂದು ಗುರುತು ಹಾಕುವವನೂ, ಅವಸರದಲ್ಲಿಯೇ ತಪ್ಪೆಂದು ಅಂಕ ಕಳೆಯುವವನೂ ಇಬ್ಬರೂ ವಿದ್ಯಾರ್ಥಿಗೆ ಅನ್ಯಾಯ ಮಾಡಿದಂತಾಗುತ್ತದೆ ಎಂಬುದು ನನ್ನ ಅನುಭವ. ಏಕೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ಚಿತ್ರ ಬರೆದು ಉತ್ತರಿಸುವ ವಿದ್ಯಾರ್ಥಿಗೆ ಒಂದು ನಿರ್ಬಂಧವುಂಟು. ಬೇಡಿಕೆ ಕಡಿಮೆಯಾಯಿತೆಂದು ಅವನು ಹೇಳಬೇಕಾದರೆ, ಹಳೆಯ ಬೇಡಿಕೆ ರೇಖೆಯ ಎಡಕ್ಕೆ ಹೊಸದೊಂದು ರೇಖೆಯನ್ನು ಎಳೆಯಬೇಕು, ಇಲ್ಲವೆ ಹಳೆಯ ರೇಖೆಯ ಮೇಲೆಯೇ ಒಂದು ಬಿಂದುವಿನಿಂದ ಮತ್ತೊಂದಕ್ಕೆ ಬಾಣವನ್ನು ಹಾಕಬೇಕು. ಪೆನ್ಸಿಲು ಎರಡನ್ನೂ ಏಕಕಾಲದಲ್ಲಿ ಮಾಡಲಾರದು. ಮಾತಿನಲ್ಲಿ ಬರೆಯುವವನಿಗೆ ಈ ನಿರ್ಬಂಧವಿಲ್ಲ. ‘ಬೇಡಿಕೆ’ ಎಂಬ ಒಂದೇ ಶಬ್ದವು ನಮ್ಮ ವ್ಯವಹಾರದಲ್ಲಿ ಎರಡು ಕೆಲಸಗಳನ್ನು ಮಾಡುತ್ತಿದೆ: ಪ್ರತಿಯೊಂದು ಬೆಲೆಗೂ ಕೊಳ್ಳುವವರು ಎಷ್ಟೆಷ್ಟು ಕೊಳ್ಳಲು ಸಿದ್ಧರಿರುವರೆಂಬ ಇಡೀ ಸಂಬಂಧಕ್ಕೂ ಅದೇ ಹೆಸರು, ಇಂದಿನ ಬೆಲೆಗೆ ಅವರು ಕೊಳ್ಳುವ ಇಷ್ಟೇ ಪ್ರಮಾಣಕ್ಕೂ ಅದೇ ಹೆಸರು. ಪುಸ್ತಕಗಳು ಮೊದಲನೆಯದರ ಬದಲಾವಣೆಯನ್ನು ಹೆಚ್ಚಳ ಮತ್ತು ಇಳಿಕೆಯೆಂದೂ, ಎರಡನೆಯದರದನ್ನು ವಿಸ್ತರಣೆ ಮತ್ತು ಸಂಕುಚನವೆಂದೂ ವಿಂಗಡಿಸಿ ಹೇಳಿವೆ, ನಿಜ. ಆದರೆ ಮನೆಯಲ್ಲಿ, ಸಂತೆಯಲ್ಲಿ, ವೃತ್ತಪತ್ರಿಕೆಯಲ್ಲಿ ಯಾರೂ ಈ ವಿಂಗಡಣೆಯನ್ನು ಪಾಲಿಸುವುದಿಲ್ಲ. ಬೆಲೆ ಏರಿದ ದಿನ ಅಂಗಡಿಯವನು “ಬೇಡಿಕೆ ಬಿದ್ದುಹೋಯಿತು” ಎನ್ನುತ್ತಾನೆ; ಅವನ ಮಾತು ಅವನಿಗೆ ಸಾಕು. ಆ ಮಾತನ್ನೇ ಪರೀಕ್ಷಾಮಂದಿರಕ್ಕೆ ತಂದ ಹುಡುಗನಿಗೆ ಸಾಲದು.

ಚಿತ್ರವಿಲ್ಲದ ಉತ್ತರಗಳು ವಿರಳವೆಂದು ಭಾವಿಸಬಾರದು. ದೃಷ್ಟಿಯಿಲ್ಲದ ಅಭ್ಯರ್ಥಿಗಳಿಗೆ ಚಿತ್ರದ ಪ್ರಶ್ನೆಗೆ ಬದಲಾಗಿ ಮಾತಿನಲ್ಲಿ ಉತ್ತರಿಸತಕ್ಕ ಪ್ರಶ್ನೆಯನ್ನು ಕೊಡುವ ಪದ್ಧತಿ ಇದೆ. ಕಿರು ಉತ್ತರದ ಪ್ರಶ್ನೆಗಳಲ್ಲಿ ಕಣ್ಣುಳ್ಳವರೂ ಚಿತ್ರವನ್ನು ಬಿಟ್ಟು ಮಾತಿನಿಂದಲೇ ಮುಗಿಸುತ್ತಾರೆ. ಇವುಗಳನ್ನು ತಿದ್ದುವುದಕ್ಕೆ ನಾನು ನಂಬಿರುವ ಉಪಾಯ ಒಂದೇ. ತಿದ್ದುವವನು ತನ್ನ ಬಳಿ ಒಂದು ಖಾಲಿ ಹಾಳೆಯನ್ನಿರಿಸಿಕೊಂಡು, ಉತ್ತರದ ಮಾತು ಹೇಳಿದುದನ್ನು ಮಾತ್ರ, ಹೇಳಿದ ಕ್ರಮದಲ್ಲಿಯೇ, ಗೆರೆಯಾಗಿ ಎಳೆಯುತ್ತ ಹೋಗಬೇಕು. ತನಗೆ ಮೊದಲೇ ಗೊತ್ತಿರುವ ಸರಿಯಾದ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ವಿದ್ಯಾರ್ಥಿಯ ಮಾತನ್ನು ಅದರೊಳಕ್ಕೆ ತುರುಕುವುದು ಸುಲಭ. ಬಹುಮಂದಿ ದಯಾಳುಗಳಾದ ಅಧ್ಯಾಪಕರು ಹಾಗೆಯೇ ಮಾಡಿ ದಯೆಯನ್ನೂ ನ್ಯಾಯವನ್ನೂ ಕಲೆಸಿಬಿಡುತ್ತಾರೆ. ಉತ್ತರದ ಮಾತಿನಿಂದ ಒಂದೇ ಚಿತ್ರ ಹೊರಟು ಅದು ಸರಿಯಾಗಿದ್ದರೆ ಉತ್ತರ ಸರಿ. ಎರಡು ಚಿತ್ರಗಳು ಹೊರಡುವಂತಿದ್ದರೆ ಉತ್ತರ ಅಪೂರ್ಣ. ಎಳೆದ ಗೆರೆಗೂ ಬರೆದ ಫಲಿತಾಂಶಕ್ಕೂ ತಾಳೆಯಿಲ್ಲದಿದ್ದರೆ, ಫಲಿತಾಂಶ ಪುಸ್ತಕದಲ್ಲಿರುವಂತೆಯೇ ಇದ್ದರೂ, ಅದು ಉರುಹೊಡೆದ ಫಲಿತಾಂಶ.

ದೃಷ್ಟಾಂತಕ್ಕಾಗಿ, ನಾನು ತರಗತಿಯಲ್ಲಿ ಅನೇಕ ಬಾರಿ ಕೇಳಿರುವ ಪ್ರಶ್ನೆಯನ್ನೇ ತೆಗೆದುಕೊಳ್ಳುತ್ತೇನೆ. 1975ನೆಯ ಜುಲೈ ತಿಂಗಳಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತದಲ್ಲಿ, ಗಿಡದೊಳಗಿನ ರಸವೇ ಹೆಪ್ಪುಗಟ್ಟುವಂತಹ ಶೈತ್ಯವು ಬಂದು, ಅಲ್ಲಿಯ ಕಾಫಿತೋಟಗಳು ಬಹುಪಾಲು ಸುಟ್ಟಂತೆ ಕಪ್ಪಾಗಿ ನಿಂತವು. ಜಗತ್ತಿನ ಕಾಫಿಯಲ್ಲಿ ಬ್ರೆಜಿಲಿನ ಪಾಲು ಅತಿ ದೊಡ್ಡದಾದುದರಿಂದ ಎಲ್ಲ ದೇಶಗಳ ಪೇಟೆಗಳಲ್ಲಿಯೂ ಬೆಲೆ ಏರಿತು. 1977ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಒಂದು ಪೌಂಡು ಕಾಫಿಯ ಬೆಲೆ 3 ಡಾಲರುಗಳನ್ನು ದಾಟಿದ್ದಿತು. ಪ್ರಶ್ನೆ ಇಷ್ಟೇ: ಈ ಶೈತ್ಯದಿಂದ ಕಾಫಿಯ ಮಾರುಕಟ್ಟೆಯಲ್ಲಿಯೂ ಚಹದ ಮಾರುಕಟ್ಟೆಯಲ್ಲಿಯೂ ಏನಾಗುವುದೆಂಬುದನ್ನು ಚಿತ್ರದ ಸಹಾಯವಿಲ್ಲದೆ ವಿವರಿಸು.

ಮೊದಲು ಲೇಖನದ ಆರಂಭದಲ್ಲಿ ಕೊಟ್ಟ ಉತ್ತರವನ್ನೇ ಪರಿಶೀಲಿಸೋಣ. ಲೆಕ್ಕ ಕಣ್ಣಿಗೆ ಕಟ್ಟುವಂತಿರಲೆಂದು ಚಿಕ್ಕದೊಂದು ಕಲ್ಪಿತ ಪೇಟೆಯನ್ನು ತೆಗೆದುಕೊಳ್ಳುತ್ತೇನೆ. ಶೈತ್ಯಕ್ಕೆ ಮುಂಚೆ ಕಾಫಿಯ ಬೆಲೆ ಕಿಲೋಗೆ 60 ರೂಪಾಯಿ. ಆ ಬೆಲೆಗೆ ಕೊಳ್ಳುವವರು ಬಯಸುವುದು 80 ಮೂಟೆ, ಮಾರುವವರು ತರುವುದೂ 80 ಮೂಟೆ. ಬೆಲೆ 10 ರೂಪಾಯಿ ಏರಿದರೆ ಕೊಳ್ಳುವವರು 10 ಮೂಟೆ ಕಡಿಮೆ ಬಯಸುತ್ತಾರೆ, ಮಾರುವವರು 5 ಮೂಟೆ ಹೆಚ್ಚಾಗಿ ತರುತ್ತಾರೆ. ಈಗ ಶೈತ್ಯ ಬಂದಿತು. ಯಾವ ಬೆಲೆಯೇ ಇರಲಿ, ಮಾರುವವರು ಹಿಂದಿಗಿಂತ 30 ಮೂಟೆ ಕಡಿಮೆ ತರುವಂತಾಯಿತು. 60 ರೂಪಾಯಿಯಲ್ಲಿ 80 ಮೂಟೆ ಬಯಸುವವರಿದ್ದಾರೆ, ಬಂದಿರುವುದು 50, ಕೊರತೆ 30. ಕೊರತೆಯಿಂದ ಬೆಲೆ ಏರುತ್ತದೆ. 80 ರೂಪಾಯಿಗೆ ಬಂದಾಗ ಕೊಳ್ಳುವವರು 60 ಮೂಟೆಗೆ ಇಳಿದಿದ್ದಾರೆ, ಮಾರುವವರು 50ರಿಂದ 60ಕ್ಕೆ ಏರಿದ್ದಾರೆ, ಅಲ್ಲಿಗೆ ಸಮತೋಲ. ಬೆಲೆಯು ಮತ್ತೆ ಇಳಿಯಬೇಕಾದ ಕಾರಣ ಎಲ್ಲಿಯೂ ಇಲ್ಲ, ಏಕೆಂದರೆ ಕೊಳ್ಳುವವರು 20 ಮೂಟೆಯಷ್ಟು ಹಿಂದೆಗೆದುದು ಬೆಲೆ 80ಕ್ಕೆ ಏರುವ ಕಥೆಯೊಳಗೇ ಸೇರಿಹೋಗಿದೆ. ಹುಡುಗನು ಅದೇ 20 ಮೂಟೆಯನ್ನು ಎರಡನೆಯ ಬಾರಿ ಕಳೆದಿದ್ದಾನೆ. ಅವನ ನಾಲ್ಕನೆಯ ವಾಕ್ಯ ನಿಜವಾಗಬೇಕಾದರೆ, 80 ರೂಪಾಯಿಗೆ 60 ಮೂಟೆ ಕೊಳ್ಳುತ್ತಿದ್ದವರು ಅದೇ 80 ರೂಪಾಯಿಗೆ 40 ಮೂಟೆಯನ್ನು ಮಾತ್ರ ಬಯಸತಕ್ಕದ್ದು. ಹಾಗಾದಲ್ಲಿ ಬೆಲೆ 67 ರೂಪಾಯಿಯ ಸಮೀಪಕ್ಕೆ ಇಳಿದೀತು. ಆದರೆ ಪರಾನಾದ ಚಳಿಯು ಕುಡಿಯುವವರ ರುಚಿಯನ್ನಾಗಲಿ ಆದಾಯವನ್ನಾಗಲಿ ಮುಟ್ಟಲಿಲ್ಲವಾದುದರಿಂದ ಹಾಗೆ ಬಯಸುವುದಕ್ಕೆ ಯಾವ ಹೇತುವೂ ಇಲ್ಲ. ಅದಲ್ಲದೆ, ಒಮ್ಮೆ ಹೀಗೆ ಹೊರಟ ತರ್ಕ ಎಲ್ಲಿಯೂ ನಿಲ್ಲಲಾರದು: ಬೆಲೆ ಇಳಿದುದರಿಂದ ಬೇಡಿಕೆ ಹೆಚ್ಚಿತು, ಬೇಡಿಕೆ ಹೆಚ್ಚಿದುದರಿಂದ ಬೆಲೆ ಏರಿತು ಎಂದು ಗಾಣದೆತ್ತಿನಂತೆ ಸುತ್ತುತ್ತಲೇ ಇರಬೇಕಾಗುತ್ತದೆ. ಎಷ್ಟೋ ಮಂದಿ ವಿದ್ಯಾರ್ಥಿಗಳು ನಾಲ್ಕನೆಯ ವಾಕ್ಯಕ್ಕೆ ನಿಲ್ಲಿಸುವುದು ಪುಟ ಮುಗಿದುದರಿಂದಲೇ ಹೊರತು ತರ್ಕ ಮುಗಿದುದರಿಂದಲ್ಲ.

ಹಾಗಾದರೆ “ಬೆಲೆ ಏರಿದುದರಿಂದ ಬೇಡಿಕೆ ಕಡಿಮೆಯಾಯಿತು” ಎಂಬ ವಾಕ್ಯವನ್ನು ಕಂಡೊಡನೆ ಅಂಕ ಕಳೆಯಬೇಕೆ? ಕಳೆಯಬಾರದೆಂಬುದೇ ನನ್ನ ವಾದ. ಆ ವಾಕ್ಯ ತನ್ನಷ್ಟಕ್ಕೆ ತಾನು ತಪ್ಪೂ ಅಲ್ಲ, ಸರಿಯೂ ಅಲ್ಲ. ಅದರ ಅರ್ಥವನ್ನು ನಿರ್ಣಯಿಸುವುದು ಅದರ ಮುಂದಿನ ವಾಕ್ಯ. “ಬೇಡಿಕೆ ಕಡಿಮೆಯಾಗಿ, ಕೊರತೆ ನೀಗಿ, ಬೆಲೆ ಅಲ್ಲಿಯೇ ನಿಂತಿತು” ಎಂದು ಬರೆದವನು ‘ಬೇಡಿಕೆ’ ಎಂಬ ಮಾತನ್ನು ಪ್ರಮಾಣವೆಂಬ ಅರ್ಥದಲ್ಲಿ, ಲೋಕರೂಢಿಯಂತೆ ಬಳಸಿದ್ದಾನೆ. ಅವನ ಚಿತ್ರ ಸರಿಯಾಗಿದೆ, ಶಬ್ದವೊಂದು ಸಡಿಲವಾಗಿದೆ ಅಷ್ಟೆ. “ಬೇಡಿಕೆ ಕಡಿಮೆಯಾದುದರಿಂದ ಬೆಲೆ ಇಳಿಯಿತು” ಎಂದವನು ರೇಖೆಯನ್ನೇ ಸರಿಸಿದ್ದಾನೆ. ಅಂಚಿನಲ್ಲಿ ಬರೆಯುವ ಟಿಪ್ಪಣಿಯೂ ಇವರಿಬ್ಬರಿಗೆ ಬೇರೆಬೇರೆಯಾಗಿರಬೇಕು: ಒಬ್ಬನಿಗೆ ‘ಬೇಡಿಕೆಯ ಪ್ರಮಾಣ’ ಎಂದು ತಿದ್ದಿದರೆ ಸಾಕು, ಇನ್ನೊಬ್ಬನಿಗೆ ‘ಬೆಲೆ 80ರಲ್ಲಿಯೇ ನಿಂತಿದ್ದರೆ ಇವರು ಇನ್ನೂ ಕಡಿಮೆ ಬಯಸುತ್ತಿದ್ದರೇ?’ ಎಂಬ ಪ್ರಶ್ನೆಯನ್ನು ಬರೆಯಬೇಕು. ಈ ಪ್ರಶ್ನೆಯಲ್ಲಿಯೇ ಇಡೀ ಪರೀಕ್ಷೆ ಅಡಗಿದೆ. ಬೆಲೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ, ಅದೇ ಬೆಲೆಗೆ ಬಯಸುವ ಅಥವಾ ತರುವ ಪ್ರಮಾಣ ಬದಲಾಯಿತೇ ಎಂದು ಕೇಳಬೇಕು. ಬದಲಾಗಿದ್ದರೆ ಮಾತ್ರ ರೇಖೆ ಸರಿದುದು.

ಇದನ್ನು ನನಗಿಂತ ಚೆನ್ನಾಗಿ ಹೇಳಿದವನು ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗ. ಹುಟ್ಟಿನಿಂದ ಅವನಿಗೆ ದೃಷ್ಟಿಯಿರಲಿಲ್ಲ. ನಾನು ಕರಿಹಲಗೆಯ ಮೇಲೆ ಎಳೆಯುತ್ತಿದ್ದ ಗೆರೆಗಳೆಲ್ಲ ಅವನಿಗೆ ಸೀಮೆಸುಣ್ಣದ ಸದ್ದು ಮಾತ್ರವಾಗಿದ್ದವು. ಒಂದು ಮಧ್ಯಾಹ್ನ ಅವನು ಸ್ನೇಹಿತನಿಂದ ಇನ್ನೊಂದು ಅಡಿಕೋಲನ್ನು ಕಡ ಪಡೆದು, ಎರಡನ್ನೂ ಮೇಜಿನ ಮೇಲೆ ಕತ್ತರಿಯಂತೆ ಅಡ್ಡಡ್ಡಲಾಗಿ ಇಟ್ಟು, ಅವು ಸಂಧಿಸುವ ಕಡೆ ಬಲಗೈಯ ತೋರುಬೆರಳನ್ನು ಊರಿದನು. ಪೂರೈಕೆಯೆಂದು ಇಟ್ಟುಕೊಂಡಿದ್ದ ಅಡಿಕೋಲನ್ನು ಎಡಗೈಯಿಂದ ಎಡಕ್ಕೆ ನೂಕಿದಂತೆ, ಬೆರಳು ಸಂಧಿಯನ್ನು ಬಿಡದೆ ಮತ್ತೊಂದು ಅಡಿಕೋಲಿನ ಮೇಲೆ ಜಾರುತ್ತ ಅವನಿಂದ ದೂರಕ್ಕೆ, ಎಂದರೆ ಮೇಲಕ್ಕೆ, ಹೋಯಿತು. “ಸಾರ್, ಬೇಡಿಕೆಯ ಅಡಿಕೋಲು ಇದ್ದಲ್ಲೇ ಇದೆ. ನನ್ನ ಬೆರಳು ಮಾತ್ರ ಅದರ ಮೇಲೆ ಜಾರಿತು. ಇವರೆಲ್ಲ ಬೇಡಿಕೆ ಕಡಿಮೆಯಾಯಿತು ಅನ್ನುವುದು ಬೆರಳಿಗೋ, ಅಡಿಕೋಲಿಗೋ?” ಎಂದು ಕೇಳಿದನು. ಅಂದಿನಿಂದ ಉತ್ತರಪತ್ರಿಕೆಯ ಮುಂದೆ ಕುಳಿತಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆಯೂ ಅದೇ ಆಗಿದೆ.

ಈ ಗೊಂದಲ ಎಳೆಯರಿಗೆ ಮಾತ್ರ ಸೇರಿದುದಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅಮೆರಿಕದ ಹೆನ್ರಿ ಮೂರ್ ಎಂಬ ಹೆಸರಾಂತ ವಿದ್ವಾಂಸನು 1914ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಕಚ್ಚಾ ಕಬ್ಬಿಣದ ಬೆಲೆ ಮತ್ತು ಪ್ರಮಾಣಗಳ ಅಂಕಿಗಳನ್ನು ಕೂಡಿಸಿ, ಬೆಲೆ ಏರಿದಂತೆ ಬೇಡಿಕೆಯೂ ಏರುವ ಹೊಸ ಬಗೆಯ ಬೇಡಿಕೆ ರೇಖೆಯೊಂದನ್ನು ಕಂಡುಹಿಡಿದೆನೆಂದು ಸಾರಿದನು. ಅವನು ಕಂಡದ್ದು ಬೇಡಿಕೆ ರೇಖೆಯಲ್ಲ. ಕೈಗಾರಿಕೆಯ ಏಳುಬೀಳುಗಳೊಡನೆ ಬೇಡಿಕೆ ರೇಖೆಯು ಬಲಕ್ಕೂ ಎಡಕ್ಕೂ ಸರಿದಾಡುತ್ತಿದ್ದುದರಿಂದ, ಸಂಧಿಬಿಂದುಗಳು ಪೂರೈಕೆ ರೇಖೆಯ ಮೇಲೆ ಬಿಟ್ಟುಹೋದ ಹೆಜ್ಜೆಗಳನ್ನು. ಎಲ್ಮರ್ ವರ್ಕಿಂಗ್ ಎಂಬವನು 1927ರಲ್ಲಿ ಬರೆದ ಪ್ರಬಂಧವು ಇದನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಿತು. ಯಾವ ಅಡಿಕೋಲು ನಿಂತಿದೆ, ಯಾವುದು ಸರಿದಿದೆ ಎಂಬುದನ್ನು ಹೇಳದೆ ಬೆರಳಿನ ಜಾಡನ್ನು ಮಾತ್ರ ನೋಡಿದರೆ ದೊಡ್ಡವರೂ ಎಡವುತ್ತಾರೆ.

ಎರಡನೆಯ ಬಗೆಯ ಉತ್ತರಕ್ಕೆ ಬರೋಣ. “ಶೈತ್ಯದಿಂದ ಪೂರೈಕೆ ಇಳಿಯುತ್ತದೆ. ಆದುದರಿಂದ ಪೂರೈಕೆ ರೇಖೆ ಕೆಳಕ್ಕೆ ಇಳಿಯುತ್ತದೆ. ಬೆಲೆ ಏರುತ್ತದೆ.” ಮೊದಲ ವಾಕ್ಯ ಸರಿ, ಕೊನೆಯ ವಾಕ್ಯ ಸರಿ, ಅಂಕ ವಿಂಗಡಣೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ‘ಬೆಲೆ ಏರುತ್ತದೆ’ ಎಂಬ ಮಾತನ್ನು ಹುಡುಕುವವನು ಪೂರ್ಣಾಂಕ ಕೊಟ್ಟುಬಿಟ್ಟಾನು. ಖಾಲಿ ಹಾಳೆಯನ್ನು ತೆಗೆದುಕೊಂಡು ಎಳೆದು ನೋಡಿದವನಿಗೆ ಮಾತ್ರ ತಿಳಿಯುತ್ತದೆ, ಪೂರೈಕೆ ರೇಖೆಯನ್ನು ಕೆಳಕ್ಕೆ ಇಳಿಸಿದರೆ ಸಂಧಿಬಿಂದುವೂ ಬೇಡಿಕೆ ರೇಖೆಯಗುಂಟ ಕೆಳಕ್ಕೆ ಜಾರಿ ಬೆಲೆ ಇಳಿಯುತ್ತದೆಂದು. ನಮ್ಮ ಭಾಷೆಯಲ್ಲಿ ಇದು ಸಹಜವಾಗಿ ಒದಗುವ ತೊಡಕು. ಕಡಿಮೆಯಾಗುವುದಕ್ಕೆ ಇಳಿಯುವುದೆಂದೂ ಹೆಚ್ಚುವುದಕ್ಕೆ ಏರುವುದೆಂದೂ ನಾವು ಹೇಳುತ್ತೇವೆ. ಹೊಳೆ ಇಳಿಯುತ್ತದೆ, ಜ್ವರ ಏರುತ್ತದೆ, ಬೆಲೆಯೂ ಏರುತ್ತದೆ. ಆದರೆ ಮಾರ್ಷಲನು 1890ರಲ್ಲಿ ತನ್ನ ಮಹಾಗ್ರಂಥದ ಮೂಲಕ ರೂಢಿಗೆ ತಂದ ಚಿತ್ರದಲ್ಲಿ ಬೆಲೆಯೊಂದೇ ನಿಂತ ಅಕ್ಷದ ಮೇಲಿದೆ. ಪ್ರಮಾಣವು ಮಲಗಿದ ಅಕ್ಷದ ಮೇಲಿದ್ದು, ಹೆಚ್ಚುವಾಗ ಬಲಕ್ಕೂ ಕಡಿಮೆಯಾಗುವಾಗ ಎಡಕ್ಕೂ ನಡೆಯುತ್ತದೆ. ಅವನಿಗಿಂತ ಮುಂಚೆ, 1838ರಲ್ಲಿ, ಫ್ರಾನ್ಸಿನ ಕೂರ್ನೊ ಬೆಲೆಯನ್ನೇ ಮಲಗಿದ ಅಕ್ಷದ ಮೇಲೆ ಇಟ್ಟಿದ್ದನು; ಆ ರೂಢಿ ಉಳಿದಿದ್ದರೆ ನಮ್ಮ ಹುಡುಗರ ‘ಏರು’, ‘ಇಳಿ’ಗಳು ಚಿತ್ರಕ್ಕೆ ಹೊಂದಿಕೊಳ್ಳುತ್ತಿದ್ದವು.

ಬೇಡಿಕೆಯ ವಿಷಯದಲ್ಲಿ ಈ ತೊಡಕು ಹೊರಕ್ಕೆ ಕಾಣುವುದಿಲ್ಲ, ಏಕೆಂದರೆ ಇಳಿಜಾರಾದ ಬೇಡಿಕೆ ರೇಖೆ ಬಲಕ್ಕೆ ಸರಿದರೂ ಮೇಲಕ್ಕೆ ಸರಿದರೂ ಒಂದೇ. ಪೂರೈಕೆಯ ರೇಖೆಯಾದರೋ ಏರುಮುಖವಾದುದರಿಂದ ಎಡಕ್ಕೆ ಸರಿದುದು ಮೇಲಕ್ಕೆ ಸರಿದಂತೆ. ನಮ್ಮ ಚಿಕ್ಕ ಪೇಟೆಯಲ್ಲಿಯೇ ನೋಡಬಹುದು: ಹಿಂದೆ 60 ರೂಪಾಯಿಗೆ ಬರುತ್ತಿದ್ದ 80 ಮೂಟೆ ಶೈತ್ಯದ ತರುವಾಯ ಬರಬೇಕಾದರೆ 120 ರೂಪಾಯಿ ಕೊಡಬೇಕು. 60 ರೂಪಾಯಿಯ ಗೆರೆಯಲ್ಲಿ ನಿಂತು ನೋಡಿದವನಿಗೆ ಪೂರೈಕೆ ರೇಖೆಯು 30 ಮೂಟೆ ಎಡಕ್ಕೆ ಹೋಗಿದೆ. 80 ಮೂಟೆಯ ಗೆರೆಯಲ್ಲಿ ನಿಂತು ನೋಡಿದವನಿಗೆ ಅದೇ ರೇಖೆ 60 ರೂಪಾಯಿ ಮೇಲಕ್ಕೆ ಹೋಗಿದೆ. ಆದುದರಿಂದ “ಪೂರೈಕೆ ಕಡಿಮೆಯಾಗಿ ರೇಖೆ ಮೇಲಕ್ಕೆ ಸರಿಯಿತು” ಎಂದು ಬರೆದ ವಿರಳ ವಿದ್ಯಾರ್ಥಿಯನ್ನು ಕಂಡು, ಇದೆಂತಹ ವಿರೋಧಾಭಾಸವೆಂದು ಕೆಂಪು ಗೆರೆ ಎಳೆಯುವುದೂ ಸಲ್ಲದು. ಅವನು ಸರಿಯಾಗಿಯೇ ಹೇಳಿದ್ದಾನೆ. ಈ 60 ರೂಪಾಯಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಇನ್ನು ಚಹ. ಚಹವು ಕಾಫಿಗೆ ಬದಲಿ ಸರಕಾದುದರಿಂದ, ಕಾಫಿಯ ಬೆಲೆ ಏರಿದಾಗ ಚಹದ ಬೆಲೆ ಇದ್ದಂತೆಯೇ ಇದ್ದರೂ ಜನ ಹೆಚ್ಚು ಚಹವನ್ನು ಬಯಸುತ್ತಾರೆ. ಹಿಡಿದು ನಿಲ್ಲಿಸಿದ ಬೆಲೆಯ ಪರೀಕ್ಷೆಯಲ್ಲಿ ಪ್ರಮಾಣ ಬದಲಾಯಿತು, ಎಂದರೆ ಇಲ್ಲಿ ಬೇಡಿಕೆ ರೇಖೆ ನಿಜವಾಗಿ ಬಲಕ್ಕೆ ಸರಿಯಿತು. ಇಷ್ಟನ್ನು ಬಹುಮಂದಿ ಸರಿಯಾಗಿ ಬರೆಯುತ್ತಾರೆ. ಅನಂತರ ಬರುವ ವಾಕ್ಯದಲ್ಲಿ ಜಾರುತ್ತಾರೆ: “ಚಹದ ಬೆಲೆ ಏರಿದುದರಿಂದ ಪೂರೈಕೆ ರೇಖೆಯೂ ಬಲಕ್ಕೆ ಸರಿಯುತ್ತದೆ.” ಚಹವನ್ನು ಮಾರುವವರು ಹೆಚ್ಚು ತಂದದ್ದು ಬೆಲೆ ಏರಿದುದರಿಂದ; ಹಳೆಯ ಬೆಲೆಯಲ್ಲಿಯೇ ಹೆಚ್ಚು ತರುವುದಕ್ಕೆ ಅವರಿಗೆ ಹೊಸ ಕಾರಣವೊಂದೂ ಒದಗಿಲ್ಲ. ಬೆರಳು ಪೂರೈಕೆಯ ಅಡಿಕೋಲಿನ ಮೇಲೆ ಜಾರಿತು, ಅಡಿಕೋಲು ಕದಲಲಿಲ್ಲ.

ಆದರೆ ಇಲ್ಲಿಯೂ ತಿದ್ದುವವನು ಸ್ವಲ್ಪ ತಡೆಯಬೇಕಾದ ಸಂದರ್ಭವುಂಟು, ಮತ್ತು ಅದನ್ನು ತೋರಿಸುವುದಕ್ಕೆ ಬ್ರೆಜಿಲಿನ ನಿದರ್ಶನದಷ್ಟು ಒಳ್ಳೆಯದು ದೊರೆಯಲಾರದು. 1975ರ ಜುಲೈಯಲ್ಲಿ ಶೈತ್ಯ ಬಂದಾಗ ಆ ವರ್ಷದ ಕೊಯ್ಲು ಬಹುಮಟ್ಟಿಗೆ ಮುಗಿದಿದ್ದಿತು. ಸತ್ತುದು ಮುಂದಿನ ವರ್ಷಗಳಲ್ಲಿ ಫಲ ಕೊಡಬೇಕಾಗಿದ್ದ ಗಿಡಗಳು. ಹಾಗಿದ್ದೂ ಬೆಲೆ ಒಡನೆಯೇ ಏರಿತು. ಉಗ್ರಾಣದಲ್ಲಿದ್ದ ಒಂದು ಮೂಟೆಯೂ ಕಡಿಮೆಯಾಗದೆ ಇಂದಿನ ಪೂರೈಕೆ ಕಡಿಮೆಯಾದುದು ಹೇಗೆ? ನಾಳೆ ಬೆಲೆ ಏರುವುದೆಂದು ತಿಳಿದವರು ಇಂದಿನ ಬೆಲೆಗೆ ಮಾರಲು ಒಪ್ಪದೆ ದಾಸ್ತಾನನ್ನು ಹಿಡಿದಿಟ್ಟುದರಿಂದ. ನಿರೀಕ್ಷೆಯೇ ಇಂದಿನ ಪೂರೈಕೆ ರೇಖೆಯನ್ನು ಎಡಕ್ಕೆ ತಳ್ಳಿತು. ಅದೇ ನಿರೀಕ್ಷೆ ಕೊಳ್ಳುವವರಲ್ಲಿ ಮುಂಗಡ ಖರೀದಿಯ ಆತುರವನ್ನು ಹುಟ್ಟಿಸಿ ಬೇಡಿಕೆ ರೇಖೆಯನ್ನು ಬಲಕ್ಕೂ ತಳ್ಳಿರಬಹುದು. ಹಾಗೆಯೇ, ಏರಿದ ಬೆಲೆಯನ್ನು ಕಂಡು ಬೆಳೆಗಾರರು ನೆಟ್ಟ ಹೊಸ ಸಸಿಗಳು ಮೂರು ನಾಲ್ಕು ವರ್ಷಗಳ ಮೇಲೆ ಫಲಕ್ಕೆ ಬಂದಾಗ, ಅಂದಿನ ಪೂರೈಕೆ ರೇಖೆ ಬಲಕ್ಕೆ ಸರಿದೇ ಸರಿಯುತ್ತದೆ. “ಬೆಲೆ ಏರಿದುದರಿಂದ ಪೂರೈಕೆ ರೇಖೆ ಬಲಕ್ಕೆ ಸರಿಯಿತು” ಎಂಬ ವಾಕ್ಯವು ಅದೇ ಅವಧಿಯನ್ನು ಕುರಿತದ್ದಾದರೆ ತಪ್ಪು. “ಕೆಲವು ವರ್ಷಗಳ ತರುವಾಯ, ಹೊಸ ತೋಟಗಳು ಫಲಕ್ಕೆ ಬಂದ ಮೇಲೆ” ಎಂಬ ಮಾತು ಅದರ ಹಿಂದೆ ಇದ್ದರೆ ಸರಿ. ಕಾಲವನ್ನು ಹೇಳದ ಉತ್ತರಕ್ಕೆ ಕಾಲವನ್ನು ನಾವೇ ಊಹಿಸಿ ಕೊಡಬಾರದು; ಹೇಳಿದ ಉತ್ತರವನ್ನು ಮಾದರಿ ಉತ್ತರದಲ್ಲಿಲ್ಲವೆಂದು ತಳ್ಳಲೂಬಾರದು.

ಕೊಡಗು, ಚಿಕ್ಕಮಗಳೂರುಗಳ ಕಡೆಯ ವಿದ್ಯಾರ್ಥಿಗಳು ಕೆಲವೊಮ್ಮೆ ಈ ಪ್ರಶ್ನೆಗೆ ನಮ್ಮ ಬೆಳೆಗಾರರನ್ನೂ ಸೇರಿಸಿಕೊಂಡು ಬರೆಯುತ್ತಾರೆ. ನನಗೆ ಅದು ಸಂತೋಷವೇ. ಬ್ರೆಜಿಲಿನ ಶೈತ್ಯ ನಮ್ಮ ಗಿಡಗಳನ್ನು ಮುಟ್ಟದುದರಿಂದ ನಮ್ಮವರ ಪೂರೈಕೆ ರೇಖೆ ಇದ್ದಲ್ಲಿಯೇ ಇದ್ದು, ಅವರು ಅದರಗುಂಟ ಮೇಲಕ್ಕೆ ನಡೆದರು ಎಂದು ಬರೆದರೆ ತರ್ಕ ಶುದ್ಧವಾಗಿದೆ. ಅಂದಿನ ವಸ್ತುಸ್ಥಿತಿ ಮಾತ್ರ ಬೇರೆ: 1975ರಲ್ಲಿ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಾಗಿದ್ದಿತು, ಮಾರುವ ನಿರ್ಧಾರ ಅವನ ಕೈಯಲ್ಲಿರಲಿಲ್ಲ, ಆ ಕಟ್ಟು ಪೂರ್ಣವಾಗಿ ಸಡಿಲಿದುದು 1996ರಲ್ಲಿ. ಬೆಲೆಯನ್ನು ನೋಡಿ ಎಷ್ಟು ಮಾರಬೇಕೆಂದು ತಾನೇ ನಿರ್ಧರಿಸುವವನು ಇದ್ದಲ್ಲಿ ಮಾತ್ರ ಪೂರೈಕೆ ರೇಖೆಗೆ ಅರ್ಥವೆಂಬುದು ಇದರಿಂದ ತಿಳಿಯುತ್ತದೆ.

ಕೊನೆಯದಾಗಿ, ತಿದ್ದುವವರ ಕೈಯಲ್ಲಿಯೇ ಇರುವ ಒಂದು ದೋಷವನ್ನು ಹೇಳಬೇಕು. ಎರಡೂ ರೇಖೆಗಳು ಒಟ್ಟಿಗೆ ಸರಿಯುವ ಪ್ರಶ್ನೆಯೊಂದನ್ನು, ಹಲವು ವರ್ಷಗಳ ಹಿಂದೆ, ಒಂದು ಮೌಲ್ಯಮಾಪನ ಕೊಠಡಿಯಲ್ಲಿ ನಾವು ತಿದ್ದುತ್ತಿದ್ದೆವು. ಬೇಡಿಕೆ ಬಲಕ್ಕೂ ಪೂರೈಕೆ ಎಡಕ್ಕೂ ಸರಿದರೆ ಬೆಲೆ ಏರುವುದು ನಿಶ್ಚಯ, ಪ್ರಮಾಣವೇನಾಗುವುದೆಂಬುದು ಅನಿಶ್ಚಿತ. ನಮಗೆ ಕೊಟ್ಟಿದ್ದ ಮಾದರಿ ಉತ್ತರವು ಇಷ್ಟಕ್ಕೆ ನಿಲ್ಲದೆ, ಎರಡೂ ಸಮವಾಗಿ ಸರಿದರೆ ಪ್ರಮಾಣ ಬದಲಾಗುವುದಿಲ್ಲವೆಂದು ಹೇಳಿದ್ದಿತು. ನನ್ನ ಮುಂದಿದ್ದ ಪತ್ರಿಕೆಯಲ್ಲಿ ಒಬ್ಬ ವಿದ್ಯಾರ್ಥಿನಿ, “ಸಮವಾಗಿ ಸರಿದರೂ ಪ್ರಮಾಣ ಬದಲಾಗಬಹುದು, ರೇಖೆಗಳ ಓಟ ತಿಳಿಯದೆ ಹೇಳಲಾಗದು” ಎಂದು ಬರೆದಿದ್ದಳು. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿಗಳು ಅದನ್ನು ನೋಡಿ, “ಪಟ್ಟಿಯಲ್ಲಿಲ್ಲವಲ್ಲ ಸಾರ್, ಒಂದು ಅಂಕ ಹೋಗುತ್ತದೆ” ಎಂದರು. “ಲೆಕ್ಕ ಮಾಡಿಯೇ ನೋಡೋಣ ಸಾರ್” ಎಂದು ನಾನು ಹಾಳೆಯನ್ನು ಅವರ ಕಡೆಗೆ ಸರಿಸಿದೆನು.

ಅದೇ ಚಿಕ್ಕ ಪೇಟೆಯ ಲೆಕ್ಕ. ಪೂರೈಕೆ ಎಲ್ಲ ಬೆಲೆಗಳಲ್ಲಿಯೂ 30 ಮೂಟೆ ಕಡಿಮೆಯಾಗಿದೆ. ಬೇಡಿಕೆಯೂ ಎಲ್ಲ ಬೆಲೆಗಳಲ್ಲಿ 30 ಮೂಟೆ ಹೆಚ್ಚಿದೆ ಎಂದಿಟ್ಟುಕೊಳ್ಳಿ. ಸಮತೋಲ ಬರುವುದು 100 ರೂಪಾಯಿಯಲ್ಲಿ, 70 ಮೂಟೆಯಲ್ಲಿ. ಸರಿದುದು ಸಮವಾಗಿಯೇ, ಆದರೂ ಪ್ರಮಾಣ 80ರಿಂದ 70ಕ್ಕೆ ಇಳಿಯಿತು. ಏಕೆಂದರೆ ಈ ಪೇಟೆಯಲ್ಲಿ ಬೆಲೆ ಏರಿದಾಗ ಕೊಳ್ಳುವವರು ಹಿಂದೆಗೆಯುವ ವೇಗ ಮಾರುವವರು ಮುಂದೆ ಬರುವ ವೇಗದ ಎರಡರಷ್ಟಿದೆ. ಪ್ರಮಾಣ 80ರಲ್ಲಿಯೇ ನಿಲ್ಲಬೇಕಾದರೆ ಬೇಡಿಕೆ 30 ಅಲ್ಲ, 60 ಮೂಟೆ ಹೆಚ್ಚಬೇಕು. ಆಗ ಬೆಲೆ 120. ಆಗ ಬೇಡಿಕೆ ರೇಖೆ ಮೇಲಕ್ಕೆ ಎಷ್ಟು ಹೋಯಿತೆಂದು ಅಳೆದರೆ 60 ರೂಪಾಯಿ, ಪೂರೈಕೆ ರೇಖೆ ಮೇಲಕ್ಕೆ ಹೋದುದೂ 60 ರೂಪಾಯಿಯೇ. ಎಂದರೆ ‘ಸಮ’ವೆಂಬುದನ್ನು ಮೂಟೆಗಳಲ್ಲಿ ಅಡ್ಡಲಾಗಿ ಅಳೆದರೆ ಮಾದರಿ ಉತ್ತರ ತಪ್ಪು, ರೂಪಾಯಿಗಳಲ್ಲಿ ನೇರವಾಗಿ ಅಳೆದರೆ ಸರಿ, ಅಡ್ಡ ಅಳತೆ ಸಲ್ಲುವುದು ಎರಡೂ ರೇಖೆಗಳು ಒಂದೇ ದಿಕ್ಕಿಗೆ ಸರಿದು ಬೆಲೆ ಬದಲಾಯಿತೇ ಎಂದು ಕೇಳುವಾಗ. ಮಾದರಿ ಉತ್ತರವು ಯಾವ ಅಳತೆಯೆಂದು ಹೇಳಿರಲಿಲ್ಲ. ಎರಡು ಚಿತ್ರಗಳು ಹೊರಡುವ ಮಾತನ್ನು ವಿದ್ಯಾರ್ಥಿ ಬರೆದರೆ ಅಪೂರ್ಣವೆನ್ನುವ ನಾವು, ಅಂತಹುದೇ ಮಾತನ್ನು ಅಳತೆಗೋಲಾಗಿ ಹಿಡಿದು ಕುಳಿತಿದ್ದೆವು.

ಹಿರಿಯರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, 100 ರೂಪಾಯಿಯ ಲೆಕ್ಕವನ್ನು ತಾವೇ ಮತ್ತೊಮ್ಮೆ ಮಾಡಿದರು, 120ರದನ್ನೂ ಮಾಡಿದರು. ಬಳಿಕ ಆ ಹುಡುಗಿಯ ಉತ್ತರದ ಅಂಚಿನಲ್ಲಿ ಪೂರ್ಣಾಂಕವನ್ನು ಬರೆಯುವಂತೆ ನನಗೆ ಹೇಳಿ, ತಾವು ಬೆಳಿಗ್ಗೆಯಿಂದ ತಿದ್ದಿ ಮುಗಿಸಿದ್ದ ಪತ್ರಿಕೆಗಳ ಕಟ್ಟನ್ನು ಬಿಚ್ಚಿ, ಅದೇ ಪ್ರಶ್ನೆಯ ಪುಟವನ್ನು ಮೊದಲಿನಿಂದ ಹುಡುಕತೊಡಗಿದರು.